ಶ್ರಾವಣಕ್ಕೆ ಸಿಗರೇಟು ಬಿಡುವವರಿಗೆ: ಸೈಟಿಸಿನ್ನೋ, ಬುಪ್ರೊಪಿಯಾನೋ?

ಪ್ರಶ್ನೆ: "ಡಾಕ್ಟರ್ ಸಾಹೇಬ್ರ, ಗದಗದಾಗ ನಂದೊಂದು ಪ್ರಿಂಟಿಂಗ್ ಪ್ರೆಸ್ ಐತ್ರಿ. ವಯಸ್ಸು 47. ಎದ್ದ ಹತ್ತು ನಿಮಿಷದಾಗ ಮೊದಲನೇ ಸಿಗರೇಟು ಬೇಕು, ದಿನಕ್ಕ 22–24 ಆಗ್ತಾವು. ಆರು ವರ್ಷದಿಂದ ಶುಗರ್ ಐತಿ, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಗುಳಿಗಿ ನಡದಾವು. ರಾತ್ರಿ ದಿನಾ ಒಂದು ಕ್ವಾರ್ಟರ್ ತಗೋತೇನಿ. ಈ ಶ್ರಾವಣಕ್ಕ ಎರಡೂ ಒಮ್ಮೆಲೆ ಬಿಡ್ತೇನಿ ಅಂತ ಆಣಿ ಮಾಡೇನಿ. ಪರಿಚಯದ ಡಾಕ್ಟರು ಬುಪ್ರೊಪಿಯಾನ್ ತಗೋರಿ ಅಂದ್ರು. ಪೋಲೆಂಡಿನಾಗ ನೌಕರಿ ಮಾಡೋ ಮಗ ಸೈಟಿಸಿನ್ ಅಂತ 100 ಕ್ಯಾಪ್ಸೂಲಿನ ಡಬ್ಬಿ ತಂದಾನ. ಗಿಡದಿಂದ ಮಾಡಿದ್ದು, ಏನೂ ಆಗೂದಿಲ್ಲ ಅಂತಾನ. ಹಾವೇರಿಯಾಗ ನನ್ನ ತಮ್ಮ (39) ಅದಾನ. ಅವಂದು ದಿನಕ್ಕ 10–12, ಮಧ್ಯಾಹ್ನದ ಮ್ಯಾಲೇ ಹೆಚ್ಚು. ಕುಡಿಯೂದಿಲ್ಲ. ಎರಡು ವರ್ಷದ ಹಿಂದ ವ್ಯಾಪಾರದಾಗ ಲುಕ್ಸಾನ ಆಗಿ ಮನಸ್ಸಿಗೆ ಹಚ್ಚಿಕೊಂಡು ಆರು ತಿಂಗಳು ಗುಳಿಗಿ ತಗೊಂಡಿದ್ದ. ಒಮ್ಮೆ ಸಿಗರೇಟು ಬಿಟ್ಟಾಗ ಎಂಟು ಕಿಲೋ ಏರಿದ, ಮತ್ತ ಸುರು ಮಾಡಿದ. ಡಬ್ಬಿ ಇಬ್ಬರೂ ಹಂಚಿಕೊಂಡರ ನಡೀತದೇನ್ರಿ? ಯಾವುದು ಯಾರಿಗೆ?"

ಉತ್ತರ: ಮೊದಲು ನಿಮ್ಮ ಆಣೆಯ ಮಾತು. ಶ್ರಾವಣದ ಮೊದಲ ದಿನ ಕುಡಿತ, ಸಿಗರೇಟು ಎರಡನ್ನೂ ಒಟ್ಟಿಗೆ ನಿಲ್ಲಿಸಿ, ಅದೇ ವಾರ ಬುಪ್ರೊಪಿಯಾನ್ ಶುರು ಮಾಡಬೇಡಿ. ಈ ಪತ್ರದಲ್ಲಿ ಒಂದೇ ಸಾಲು ಓದಿ ಮುಚ್ಚಿಡುತ್ತೀರಾದರೆ ಆ ಸಾಲು ಇದೇ ಆಗಲಿ.

ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ರೋಗಿಗಳನ್ನು ನೋಡುತ್ತ ಬಂದ ನನಗೆ ಶ್ರಾವಣದ ಮೊದಲ ವಾರ ಎಂದರೆ ಒಂದು ಬಗೆಯ ಆತಂಕ. ನಮ್ಮ ಕಡೆ ವರ್ಷವಿಡೀ ಕುಡಿಯುವವರೂ ಶ್ರಾವಣ ಹಿಡಿಯುತ್ತಾರೆ. ಅದು ಒಳ್ಳೆಯ ಪದ್ಧತಿಯೇ. ಆದರೆ ದಿನವೂ ಕುಡಿದು ರೂಢಿಯಾದ ಮಿದುಳಿಗೆ ಮದ್ಯ ಒಂದು ಬ್ರೇಕ್ ಇದ್ದ ಹಾಗೆ. ಆ ಬ್ರೇಕನ್ನು ಒಮ್ಮೆಲೇ ಕಿತ್ತರೆ ಮಿದುಳು ಜೋರಾಗಿ ಓಡತೊಡಗುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಕೊನೆಯ ಪೆಗ್ಗಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಬುಪ್ರೊಪಿಯಾನ್ ಫಿಟ್ಸ್ ಬರದಂತೆ ಇರುವ ತಡೆಯನ್ನು ತನ್ನ ಪಾಲಿಗೆ ಇನ್ನಷ್ಟು ತಗ್ಗಿಸುವ ಔಷಧಿ. ದಿನಕ್ಕೆ 300 ಮಿ.ಗ್ರಾಂ. ಮೀರದಂತೆ, ಬೇರೆ ಯಾವ ಅಪಾಯವೂ ಇಲ್ಲದವರಿಗೆ ಕೊಟ್ಟಾಗ ಸಾವಿರದಲ್ಲಿ ಸುಮಾರು ಒಬ್ಬರಿಗೆ ಫಿಟ್ಸ್ ಬರುತ್ತದೆ. ಅದು ಚಿಕ್ಕ ಲೆಕ್ಕ. ಕುಡಿತವನ್ನು ಹಠಾತ್ತನೆ ಬಿಟ್ಟವರಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಈ ಔಷಧಿಯನ್ನು ಅಂಥವರಿಗೆ ಕೊಡಲೇಬಾರದು ಎಂದು ಅದರ ಚೀಟಿಯಲ್ಲೇ ಬರೆದಿರುತ್ತದೆ.

ಅಣ್ಣಿಗೇರಿ ಕಡೆಯ ಒಬ್ಬ ಲಾರಿ ಚಾಲಕರು ಹೀಗೇ ನನ್ನ ಹತ್ತಿರ ಬಂದಿದ್ದರು. ಬಂದಿದ್ದರು ಅನ್ನುವುದಕ್ಕಿಂತ ಎತ್ತಿಕೊಂಡು ಬಂದಿದ್ದರು. ಬೇರೆಲ್ಲೋ ಬುಪ್ರೊಪಿಯಾನ್ ಬರೆಸಿಕೊಂಡು ನಾಲ್ಕು ದಿನವಾಗಿತ್ತು. ಕುಡಿತದ ಬಗ್ಗೆ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಶ್ರಾವಣದ ಎರಡನೇ ದಿನ ಬೆಳಿಗ್ಗೆ ಚಹಾದಂಗಡಿ ಮುಂದೆ ಬಿದ್ದರು. ನಾಲಿಗೆಯ ಎಡಬದಿ ಹಲ್ಲಿಗೆ ಸಿಕ್ಕು ಹರಿದಿತ್ತು. ಅದೃಷ್ಟವೆಂದರೆ ಅವತ್ತು ಸ್ಟಿಯರಿಂಗ್ ಹಿಡಿದಿರಲಿಲ್ಲ. ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, "ದೇವರ ಕೆಲಸಕ್ಕ ಬಿಟ್ಟೇನ್ರಿ, ಹಿಂಗ್ಯಾಕಾತು?" ಅವರು ಬಿಟ್ಟದ್ದರಲ್ಲಿ ತಪ್ಪಿರಲಿಲ್ಲ. ಎರಡು ಕೆಲಸ ಒಂದೇ ವಾರದಲ್ಲಿ ಬಿದ್ದದ್ದೇ ತಪ್ಪಾಗಿತ್ತು.

ನಿಮ್ಮಲ್ಲಿ ಇದರ ಜೊತೆಗೆ ಇನ್ನೊಂದೂ ಇದೆ. ಗ್ಲಿಮೆಪಿರೈಡ್ ರಕ್ತದ ಸಕ್ಕರೆಯನ್ನು ಕೆಲವೊಮ್ಮೆ ಬೇಕಾದ್ದಕ್ಕಿಂತ ಕೆಳಗೆ ಇಳಿಸುತ್ತದೆ, ಅದರಲ್ಲೂ ಊಟ ತಡವಾಗಿ ರಾತ್ರಿ ಕುಡಿತವೇ ಮೊದಲಾದಾಗ. ಸಕ್ಕರೆ ತೀರ ಇಳಿದರೂ ಫಿಟ್ಸ್ ಬರುತ್ತದೆ. ಹೀಗಾಗಿ ಬುಪ್ರೊಪಿಯಾನ್ ಬರೆಯುವ ಮುನ್ನ, ಸಕ್ಕರೆ ಇಳಿಸುವ ಗುಳಿಗೆ ಅಥವಾ ಇನ್ಸುಲಿನ್ ಇದೆಯೇ ಎಂದು ಕೇಳಲೇಬೇಕು. ದಿನದ ಕ್ವಾರ್ಟರ್, ಅದನ್ನು ಥಟ್ಟನೆ ನಿಲ್ಲಿಸುವ ಯೋಚನೆ, ಗ್ಲಿಮೆಪಿರೈಡ್: ಮೂರೂ ನಿಮ್ಮಲ್ಲೇ ಸೇರಿವೆ. ನಿಮ್ಮ ಪರಿಚಯದ ಡಾಕ್ಟರಿಗೆ ರಾತ್ರಿಯ ಕ್ವಾರ್ಟರಿನ ಸಂಗತಿ ನೀವು ಹೇಳಿರಲಿಕ್ಕಿಲ್ಲ ಎಂದು ನನ್ನ ಊಹೆ. ಹೇಳಿ. ಯಾವ ಡಾಕ್ಟರೂ ಅದಕ್ಕಾಗಿ ನಿಮ್ಮನ್ನು ಕೀಳಾಗಿ ನೋಡುವುದಿಲ್ಲ.

ಇನ್ನು ಮಗ ಹೇಳಿದ ಮಾತಿಗೆ ಬರೋಣ. ಸೈಟಿಸಿನ್ ಗಿಡದಿಂದ ಬಂದದ್ದು ನಿಜ. ಯುರೋಪಿನ ಲಬರ್ನಮ್ ಎಂಬ ಮರದ ಬೀಜದಿಂದ ತೆಗೆಯುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ತಂಬಾಕು ಸಿಗದ ಸೈನಿಕರು ಆ ಮರದ ಎಲೆಯನ್ನೇ ಸೇದುತ್ತಿದ್ದರು. ಬಲ್ಗೇರಿಯಾದಲ್ಲಿ 1964ರಿಂದಲೇ ಅದು ಗುಳಿಗೆಯಾಗಿ ಬಳಕೆಯಲ್ಲಿದೆ. ಆದರೆ ಅದೇ ಮರದ ಬೀಜ ತಿಂದ ಮಕ್ಕಳನ್ನು ಆ ದೇಶಗಳಲ್ಲಿ ಆಸ್ಪತ್ರೆಗೆ ಒಯ್ಯುತ್ತಾರೆ, ಅದು ವಿಷ. ಕ್ಯಾಪ್ಸೂಲಿನಲ್ಲಿ 1.5 ಮಿ.ಗ್ರಾಂ. ಮಾತ್ರ ಇರುವುದರಿಂದ ಅದು ಔಷಧಿ. ಗಿಡದ್ದು ಎನ್ನುವುದರಿಂದ ಅದು ಸೌಮ್ಯವೂ ಆಗುವುದಿಲ್ಲ, ಕಠಿಣವೂ ಆಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲಬರ್ನಮ್ ಹೂವಿನ ಚಿತ್ರ ನೋಡಿದವರು "ಇದು ನಮ್ಮ ಕಕ್ಕೆ ಮರ ಅಲ್ಲೇನು?" ಎನ್ನುತ್ತಾರೆ. ಧಾರವಾಡದ ರಸ್ತೆಗಳಲ್ಲಿ ಬೇಸಿಗೆಗೆ ಹಳದಿ ಗೊಂಚಲು ಜೋತುಬಿಡುವ ಕಕ್ಕೆ ನೋಡಲು ಹಾಗೇ ಇದೆ. ಎರಡೂ ಬೇರೆ ಬೇರೆ ಮರ. ಕಕ್ಕೆಯಲ್ಲಿ ಸೈಟಿಸಿನ್ ಇಲ್ಲ. ಅದರ ಕಾಯಿಯ ತಿರುಳು ಹೊಟ್ಟೆ ಸಡಿಲಿಸುವ ಮದ್ದು. ಅದನ್ನು ಕುದಿಸಿ ಕುಡಿದರೆ ಸಿಗರೇಟು ಬಿಡುವುದಿಲ್ಲ, ಭೇದಿ ಹಿಡಿಯುತ್ತದೆ.

ಎರಡು ಔಷಧಿಗಳು ಕೆಲಸ ಮಾಡುವ ರೀತಿಯೇ ಬೇರೆ. ಅದು ತಿಳಿದರೆ ಯಾವುದು ಯಾರಿಗೆ ಎಂಬುದೂ ಮುಕ್ಕಾಲು ಪಾಲು ತಿಳಿದಂತೆ. ಮಿದುಳಿನಲ್ಲಿ ನಿಕೋಟಿನ್ ಬಂದು ಕೂರುವ ಸೀಟುಗಳಿವೆ ಎಂದುಕೊಳ್ಳಿ. ನಿಕೋಟಿನ್ ಕೂತರೆ ಪೂರ್ತಿ ಟಿಕೆಟ್ ಹರಿದಂತೆ, ಡೋಪಮಿನ್ ಎಂಬ ಸುಖದ ರಾಸಾಯನಿಕ ಹೊರಬರುತ್ತದೆ. ಸೈಟಿಸಿನ್ ಅದೇ ಸೀಟಿನಲ್ಲಿ ಬಂದು ಕೂರುವ ಅರ್ಧ ಟಿಕೆಟ್ಟಿನ ಹುಡುಗ. ಕಂಡಕ್ಟರಿಗೆ ಅರ್ಧ ದುಡ್ಡು ಸಿಗುವುದರಿಂದ ತಲ್ಲಣ ಅಷ್ಟು ಕಾಡುವುದಿಲ್ಲ. ಸೀಟು ಮೊದಲೇ ತುಂಬಿರುವುದರಿಂದ ಆಮೇಲೆ ಸೇದಿದ ಸಿಗರೇಟಿನ ನಿಕೋಟಿನ್ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ರೋಗಿಗಳು ಹೇಳುವುದು ಇದನ್ನೇ: "ಸೇದಿದೆ ಸಾಹೇಬ್ರ, ಆದರ ಕಾಗದ ಸೇದಿದಂಗಾತು."

ಬುಪ್ರೊಪಿಯಾನ್ ಮುಖ್ಯವಾಗಿ ಸೀಟಿಗಾಗಿ ಜಗಳಕ್ಕಿಳಿಯುವುದಿಲ್ಲ. ಹೊರಬಂದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಬೇಗನೆ ಒಳಗೆ ಹಿಂದಿರುಗದಂತೆ ತಡೆಯುತ್ತದೆ. ಸಿಗರೇಟು ಬಿಟ್ಟ ಮೇಲೆ ಬರುವ ಮಂಕು, ಸಿಡುಕು, ಏನೂ ಬೇಡ ಎನ್ನುವ ಬೇಸರ ಇದರಿಂದ ತಗ್ಗುತ್ತವೆ. ನಿಕೋಟಿನ್ ಸೀಟಿಗೂ ಸ್ವಲ್ಪ ಅಡ್ಡಿ ಮಾಡುತ್ತದೆ. ಇದು ಮೊದಲು ಖಿನ್ನತೆಗೆ ಕೊಡುತ್ತಿದ್ದ ಔಷಧಿ. 1997ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಿಗರೇಟು ಬಿಡಲಿಕ್ಕೂ ಒಪ್ಪಿಗೆ ಕೊಟ್ಟಿತು. "ತಲಿ ಕೆಟ್ಟವರ ಗುಳಿಗಿ" ಎಂದು ಕೆಲವರು ಚೀಟಿಯನ್ನು ಹಾಗೇ ಕಿಸೆಯಲ್ಲಿಟ್ಟು ಮರೆಯುತ್ತಾರೆ. ಖಿನ್ನತೆ ಎಂದೂ ಇಲ್ಲದವರಿಗೂ ಸಿಗರೇಟು ಬಿಡಲು ಇದು ಸಹಾಯ ಮಾಡುತ್ತದೆ. ಮನಸ್ಸು ಕೆಡಿಸುತ್ತದೆ ಎಂಬ ಭಯವೂ ಒಂದು ಕಾಲಕ್ಕೆ ದೊಡ್ಡದಾಗಿತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ನಂತರ ಆ ಭಯಕ್ಕೆ ಔಷಧಿಯ ಚೀಟಿಯಲ್ಲಿ ಹಾಕಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು 2016ರಲ್ಲಿ ಅಮೆರಿಕದಲ್ಲಿ ತೆಗೆದರು. ಹಾಗೆಂದು ಮನಸ್ಸಿನ ಮೇಲೆ ಕಣ್ಣಿಡುವುದನ್ನು ನಾವು ಬಿಟ್ಟಿಲ್ಲ.

ಬಲದ ಲೆಕ್ಕ ಕೇಳುವವರಿಗೆ ಒಂದೇ ಅಂಕಿ ಹೇಳುತ್ತೇನೆ. 2023ರ ಕಾಕ್ರೇನ್ ವಿಮರ್ಶೆ ನೂರಾರು ಅಧ್ಯಯನಗಳನ್ನು ಕೂಡಿಸಿ ನೋಡಿತು. ಔಷಧಿಯಿಲ್ಲದೆ ಬಿಟ್ಟ 100 ಮಂದಿಯಲ್ಲಿ ಸುಮಾರು 6 ಮಂದಿ ಆರು ತಿಂಗಳ ನಂತರವೂ ಬಿಟ್ಟೇ ಇದ್ದರೆ, ಸೈಟಿಸಿನ್ ತೆಗೆದುಕೊಂಡವರಲ್ಲಿ ಅದು 10ರಿಂದ 18 ಆಗುತ್ತದೆ. ಬುಪ್ರೊಪಿಯಾನಿನಲ್ಲಿ 8–9ರ ಆಸುಪಾಸು. ಅಂದರೆ ಸೈಟಿಸಿನ್ನಿನ ಕೈ ಮೇಲು. ಆದರೂ ನಾನು ಎಲ್ಲರಿಗೂ ಸೈಟಿಸಿನ್ ಎನ್ನುವುದಿಲ್ಲ. ದೇಹಕ್ಕೆ ಹೊಂದದ ಬಲವಾದ ಔಷಧಿಗಿಂತ ಹೊಂದುವ ಇನ್ನೊಂದೇ ವಾಸಿ. ಮತ್ತೆ ಈ ಅಂಕಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಆ ಸಲಕ್ಕೆ ಸೋತಿದ್ದಾರೆ ಎಂಬುದೂ ಇದೆ. ಅದನ್ನು ಮುಚ್ಚಿಟ್ಟು ನಿಮಗೆ ಭರವಸೆ ಕೊಡುವುದು ನನ್ನಿಂದ ಆಗದು.

ಈಗ ನಿಮ್ಮ ಸಂಗತಿ. ಕಣ್ಣು ಬಿಟ್ಟ ಹತ್ತು ನಿಮಿಷಕ್ಕೇ ಸಿಗರೇಟು ಬೇಕು ಎಂದರೆ, ರಾತ್ರಿಯಿಡೀ ಖಾಲಿಯಾದ ಸೀಟುಗಳು ಕೂಗಿಕೊಳ್ಳುತ್ತಿವೆ ಎಂದರ್ಥ. ದಿನಕ್ಕೆ ಎಷ್ಟು ಸೇದುತ್ತೀರಿ ಎನ್ನುವುದಕ್ಕಿಂತ ಮೊದಲನೆಯದು ಎಷ್ಟು ಬೇಗ ಬೇಕು ಎನ್ನುವುದೇ ಹಿಡಿತ ಎಷ್ಟು ಗಟ್ಟಿ ಎಂಬುದನ್ನು ಹೆಚ್ಚು ಹೇಳುತ್ತದೆ. ಇಂಥವರಿಗೆ ಸೀಟಿನಲ್ಲೇ ಕೂರುವ ಸೈಟಿಸಿನ್ ಸರಿಯಾದ ಮದ್ದು. ಅದು ಫಿಟ್ಸಿನ ತಡೆಯನ್ನು ಬುಪ್ರೊಪಿಯಾನಿನ ಹಾಗೆ ತಗ್ಗಿಸುವ ಔಷಧಿಯಲ್ಲ. ನೀವು ಆರಿಸಬೇಕಾದದ್ದು ಅದನ್ನೇ. ಆದರೆ ಮೂರು ಪರೀಕ್ಷೆಗಳ ಜೊತೆಗೆ.

ಮೊದಲನೆಯದು ಮೂತ್ರಪಿಂಡದ ರಕ್ತಪರೀಕ್ಷೆ ಕ್ರಿಯಾಟಿನಿನ್. ಸೈಟಿಸಿನ್ ಬಹುಪಾಲು ಬದಲಾಗದೆ ಮೂತ್ರದಲ್ಲೇ ಹೊರಹೋಗುತ್ತದೆ. ಆರು ವರ್ಷದ ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ಸದ್ದಿಲ್ಲದೆ ಸವೆಸಿರಬಹುದು. ಹಾಗಾಗಿದ್ದರೆ ಔಷಧಿ ಮೈಯಲ್ಲೇ ಉಳಿದು ಹೆಚ್ಚಾಗುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಇದನ್ನು ಕೊಡುವುದಿಲ್ಲ. ಎರಡನೆಯದು ಇಸಿಜಿ ಮತ್ತು ಬಿಪಿ. ಇತ್ತೀಚೆಗೆ ಹೃದಯಾಘಾತವಾದವರು, ಸ್ಟ್ರೋಕ್ ಆದವರು, ಎದೆನೋವು ಸ್ಥಿರವಿಲ್ಲದವರು, ಹೃದಯದ ತಾಳ ತಪ್ಪುವವರು ಇದನ್ನು ತೆಗೆದುಕೊಳ್ಳಬಾರದು. ಶುಗರ್, ಬಿಪಿ ಇದ್ದವರಲ್ಲಿ ಎಚ್ಚರ ಬೇಕು. ಇದ್ದ ಮಾತ್ರಕ್ಕೆ ಬೇಡ ಎಂದಲ್ಲ. ಮೂರನೆಯದು ಗ್ಲುಕೋಮೀಟರಿನಲ್ಲಿ ಬೆಳಗಿನ ಮತ್ತು ಸಂಜೆಯ ಸಕ್ಕರೆ, ಔಷಧಿ ಶುರುವಾದ ಮೊದಲ ಎರಡು ವಾರ. ವಾಕರಿಕೆಯಿಂದ ಊಟ ಕಡಿಮೆಯಾದರೆ ಗ್ಲಿಮೆಪಿರೈಡ್ ಅಂದಿಗೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ನೆನಪಿರಲಿ.

ಕುಡಿತದ ವಿಷಯದಲ್ಲಿ ಕ್ರಮ ಹೀಗಿರಲಿ. ಶ್ರಾವಣಕ್ಕೆ ಇನ್ನೂ ವಾರಗಳಿರುವಾಗಲೇ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಗದಗಿನಲ್ಲೇ ಒಬ್ಬ ಮನೋವೈದ್ಯರ ಹತ್ತಿರವೋ ಹೋಗಿ ಕುಡಿತ ಇಳಿಸುವ ಕೆಲಸ ಮೊದಲು ಮಾಡಿ. ಬೇಕಾದರೆ ಅವರು ಕೆಲವು ದಿನ ನಡುಕ ತಡೆಯುವ ಗುಳಿಗೆ ಕೊಡುತ್ತಾರೆ. ಕುಡಿತ ನಿಂತು ಎರಡು ವಾರ ಮೈ ತಣ್ಣಗಾದ ಮೇಲೆ ಸೈಟಿಸಿನ್ ಡಬ್ಬಿ ಒಡೆಯಿರಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ರಾತ್ರಿ ಗ್ಲಾಸು ಕೈಯಲ್ಲಿದ್ದಾಗಲೇ ಎಷ್ಟೋ ಜನರ ಸಿಗರೇಟು ಮರಳಿ ಬರುವುದು. ಅದು ಮೊದಲೇ ಹೋಗಿದ್ದರೆ ಹಾದಿ ಅಷ್ಟು ಹಗುರ.

ಡಬ್ಬಿ ಹಂಚಿಕೊಳ್ಳುವ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ಮೊದಲ 3 ದಿನ ಎರಡು ಗಂಟೆಗೊಂದರಂತೆ ದಿನಕ್ಕೆ 6. ನಾಲ್ಕರಿಂದ ಹನ್ನೆರಡನೇ ದಿನದವರೆಗೆ ಎರಡೂವರೆ ಗಂಟೆಗೊಂದರಂತೆ 5. ಹದಿಮೂರರಿಂದ ಹದಿನಾರರವರೆಗೆ ಮೂರು ಗಂಟೆಗೊಂದು, 4. ಹದಿನೇಳರಿಂದ ಇಪ್ಪತ್ತರವರೆಗೆ ಐದು ಗಂಟೆಗೊಂದು, 3. ಕೂಡಿಸಿ: 18, 45, 16, 12, ಒಟ್ಟು 91. ಉಳಿದ ಐದು ದಿನಕ್ಕೆ ದಿನಕ್ಕೊಂದೋ ಎರಡೋ. 100 ಎಂಬುದು ಒಬ್ಬರ 25 ದಿನಕ್ಕೆ ಅಳೆದು ಮಾಡಿದ ಡಬ್ಬಿ. ಹಂಚಿಕೊಂಡರೆ ಇಬ್ಬರಿಗೂ ಹತ್ತನೇ ದಿನವೇ ಖಾಲಿಯಾಗುತ್ತದೆ. ಸೀಟುಗಳು ಇನ್ನೂ ಕೂಗುತ್ತಿರುವ ಹೊತ್ತಿನಲ್ಲೇ ಕೈ ಬಿಟ್ಟಂತಾಗುತ್ತದೆ.

ಇನ್ನು ನಿಮ್ಮ ಪ್ರೆಸ್ಸಿನ ದಿನಕ್ಕೆ ಇದನ್ನು ಕೂಡಿಸೋಣ. ಬುಧವಾರ ಶುರು ಮಾಡಿ. ಬೆಳಿಗ್ಗೆ 7, 9, 11, ಮಧ್ಯಾಹ್ನ 1, 3, ಸಂಜೆ 5. ಈ ಔಷಧಿ ಮೈಯಲ್ಲಿ ಸುಮಾರು ಐದು ಗಂಟೆಗೆ ಅರ್ಧಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಇಷ್ಟು ಸಲ ನುಂಗಬೇಕು. ಒಂದು ಹೊತ್ತು ಬಿಟ್ಟುಹೋದರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಮೊಬೈಲಿನಲ್ಲಿ ಆರು ಅಲಾರಂ ಇಡಿ. ಮಷೀನಿನ ಸದ್ದಿನಲ್ಲಿ ಅಲಾರಂ ಕೇಳಿಸದು, ಹಾಗಾಗಿ ಪ್ರೂಫ್ ನೋಡುವ ಹುಡುಗನಿಗೂ ಹೇಳಿಡಿ. ನನ್ನ ರೋಗಿಗಳಲ್ಲಿ ಸೈಟಿಸಿನ್ ಸೋತದ್ದು ಹೆಚ್ಚಾಗಿ ಇಲ್ಲೇ. ಮೂರನೇ, ನಾಲ್ಕನೇ ದಿನಕ್ಕೆ ಎರಡು ಹೊತ್ತು ತಪ್ಪುತ್ತದೆ, "ಇದರಾಗ ಏನೂ ಇಲ್ಲ" ಎಂದು ಡಬ್ಬಿ ಕಪಾಟು ಸೇರುತ್ತದೆ. ದಿನವೆಲ್ಲ ಒಂದೇ ಕಡೆ ಇದ್ದು ಗಡಿಯಾರ ನೋಡಬಲ್ಲವರಿಗೆ ಇದು ಹೊಂದುತ್ತದೆ. ಹೊಲದ ಕೆಲಸ, ರಾತ್ರಿ ಪಾಳಿ, ಊರೂರು ಸುತ್ತುವ ಚಾಕರಿ ಇದ್ದವರಿಗೆ ಕಷ್ಟ.

ಮೊದಲ ನಾಲ್ಕು ದಿನ ಸಿಗರೇಟು ಇಳಿಸುತ್ತ ಬನ್ನಿ. ಐದನೇ ದಿನ, ಅಂದರೆ ಭಾನುವಾರ, ಪೂರ್ತಿ ನಿಲ್ಲಬೇಕು. ಅವತ್ತು ಪ್ರೆಸ್ಸಿಗೆ ರಜೆ ಎಂಬ ಕಾರಣಕ್ಕೇ ಬುಧವಾರ ಆರಿಸಿದ್ದು. ಐದನೇ ದಿನದ ನಂತರವೂ ಸೇದುತ್ತ ಕ್ಯಾಪ್ಸೂಲೂ ನುಂಗುತ್ತ ಹೋದರೆ ನಿಕೋಟಿನ್ ಮತ್ತು ಸೈಟಿಸಿನ್ ಎರಡರ ಹೊರೆ ಸೇರಿ ವಾಕರಿಕೆ, ತಲೆನೋವು, ಎದೆಬಡಿತ ಹೆಚ್ಚಾಗುತ್ತದೆ. ಬಾಯಿ ಒಣಗುವುದು, ಸ್ವಲ್ಪ ವಾಕರಿಕೆ, ವಿಚಿತ್ರ ಕನಸು ಸಾಮಾನ್ಯ. ಕೆಲವರಿಗೆ ಕನಸಿನಲ್ಲೇ ಸಿಗರೇಟು ಸೇದಿದಂತಾಗಿ ಗಾಬರಿಯಿಂದ ಎದ್ದು ಕೂರುವುದುಂಟು. ಬರಿ ಹೊಟ್ಟೆಯಲ್ಲಿ ನುಂಗದೆ ಎರಡು ತುತ್ತು ತಿಂದು ನುಂಗಿದರೆ ವಾಕರಿಕೆ ಕಡಿಮೆ. ಐದನೇ ದಿನಕ್ಕೆ ನಿಲ್ಲಿಸಲು ಆಗಲೇ ಇಲ್ಲ ಎಂದಾದರೆ ಕ್ಯಾಪ್ಸೂಲು ನಿಲ್ಲಿಸಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಹೊಸದಾಗಿ ಶುರು ಮಾಡಬೇಕು. ಅರ್ಧಂಬರ್ಧ ಎಳೆದುಕೊಂಡು ಹೋಗಬಾರದು.

ಟಿಬಿ ಗುಳಿಗೆ ನಡೆದಿರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 65 ದಾಟಿದವರು ಸೈಟಿಸಿನ್ನಿನ ಗೊಡವೆಗೆ ಹೋಗಬಾರದು ಎಂಬುದನ್ನು ಇಲ್ಲೇ ಸೇರಿಸುತ್ತೇನೆ. ನಿಮ್ಮ ಪತ್ರ ಓದಿ ಬೇರೆ ಯಾರೋ ಡಬ್ಬಿ ತರಿಸಿಕೊಳ್ಳಬಹುದು.

ನಿಮ್ಮ ತಮ್ಮನ ಪರಿಸ್ಥಿತಿ ಹೆಚ್ಚುಕಡಿಮೆ ನಿಮ್ಮದಕ್ಕೆ ತಿರುಗುಮುರುಗು. ದಿನಕ್ಕೆ 10–12, ಅದೂ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ಸಿಗರೇಟಿಲ್ಲದೆ ಇರಬಲ್ಲವರಿಗೆ ನಿಕೋಟಿನ್ ಸೀಟಿನ ಕೂಗು ಅಷ್ಟು ಜೋರಲ್ಲ. ಅವರನ್ನು ಮತ್ತೆ ಸಿಗರೇಟಿಗೆ ಎಳೆದದ್ದು ಬಿಟ್ಟ ಮೇಲಿನ ಮಂಕು ಮತ್ತು ಏರಿದ ತೂಕ. ಈ ಎರಡಕ್ಕೂ ಬುಪ್ರೊಪಿಯಾನ್ ಹೊಂದುತ್ತದೆ. ಖಿನ್ನತೆ ಹಿಂದೆ ಬಂದುಹೋದವರಲ್ಲಿ ಸಿಗರೇಟು ಬಿಟ್ಟ ವಾರಗಳಲ್ಲಿ ಮನಸ್ಸು ಮತ್ತೆ ಜಾರುವ ಸಾಧ್ಯತೆ ಇದೆ, ಆಗ ಇದು ಊರುಗೋಲಾಗುತ್ತದೆ. ಗುಳಿಗೆ ನಡೆದಿರುವಷ್ಟು ಕಾಲ ತೂಕ ಏರುವುದೂ ಕಡಿಮೆ. ಗುಳಿಗೆ ನಿಂತ ಮೇಲೆ ಸ್ವಲ್ಪ ಏರಬಹುದು. ಎಂಟು ಕಿಲೋ ಏರುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಆದರೆ ಬಿಟ್ಟ ಮೊದಲ ತಿಂಗಳುಗಳಲ್ಲಿ ಕನ್ನಡಿ ನೋಡಿ ಹೆದರಿ ಮತ್ತೆ ಸೇದುವುದು ತಪ್ಪಿದರೆ ಅದೇ ದೊಡ್ಡ ಗಳಿಕೆ.

ಬರೆಯುವ ಮುನ್ನ ನಾನಾದರೆ ಅವರನ್ನು ಕೆಲವು ಪ್ರಶ್ನೆ ಕೇಳುತ್ತೇನೆ. ಚಿಕ್ಕಂದಿನಲ್ಲಿ ಎಂದಾದರೂ ಫಿಟ್ಸ್ ಬಂದಿತ್ತೇ? ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತ್ತೇ? ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ "ಹೌದ್ರಿ, ಬಂಕಾಪುರದ ಹತ್ತಿರ ಒಮ್ಮೆ" ಎನ್ನುತ್ತಾರೆ. ಊಟ ಮಾಡಿ ಬೇಕೆಂದೇ ವಾಂತಿ ಮಾಡುವ, ಉಪವಾಸ ಬೀಳುವ ಕಾಯಿಲೆ ಇತ್ತೇ? ಖಿನ್ನತೆಯ ಜೊತೆಗೆ ಎಂದಾದರೂ ವಾರಗಟ್ಟಲೆ ನಿದ್ದೆ ಬೇಡವಾಗಿ, ಅತಿ ಹುರುಪಿನಲ್ಲಿ ದುಡ್ಡು ಚೆಲ್ಲಿ, ಮಾತೇ ನಿಲ್ಲದ ದಿನಗಳು ಇದ್ದವೇ? ಇವುಗಳಲ್ಲಿ ಯಾವುದಕ್ಕೆ ಹೌದು ಎಂದರೂ ಬುಪ್ರೊಪಿಯಾನ್ ಬೇಡ. ಈಗ ಯಾವ ಗುಳಿಗೆ ನಡೆದಿವೆ ಎಂಬುದೂ ಬೇಕು. ಸೊಂಟನೋವಿಗೆ ಟ್ರಮಡಾಲ್, ಬಿಪಿಗೆ ಮೆಟೊಪ್ರೊಲಾಲ್ ಇದ್ದರೆ ವೈದ್ಯರು ಮರುಯೋಚನೆ ಮಾಡಬೇಕಾಗುತ್ತದೆ. ಟ್ರಮಡಾಲ್ ಫಿಟ್ಸಿನ ಅಪಾಯ ಹೆಚ್ಚಿಸುತ್ತದೆ, ಮೆಟೊಪ್ರೊಲಾಲಿನ ಪ್ರಮಾಣವನ್ನು ಬುಪ್ರೊಪಿಯಾನ್ ರಕ್ತದಲ್ಲಿ ಏರಿಸಿ ನಾಡಿ ತೀರ ನಿಧಾನವಾಗಿಸಬಹುದು. ಖಿನ್ನತೆಗೆ ಆಗ ತೆಗೆದುಕೊಂಡದ್ದು ಯಾವ ಗುಳಿಗೆ ಎಂಬ ಹಳೆಯ ಚೀಟಿ ಸಿಕ್ಕರೆ ಜೊತೆಗೆ ತರಲಿ.

ಎಲ್ಲ ಸರಿಯಿದ್ದರೆ ಕ್ರಮ ಸರಳ. 150 ಮಿ.ಗ್ರಾಂ. ಎಸ್‌ಆರ್, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಗುಳಿಗೆ, ಮೊದಲ ಆರು ದಿನ ಬೆಳಿಗ್ಗೆ ಒಂದು. ಏಳನೇ ದಿನದಿಂದ ಎರಡು, ನಡುವೆ ಕನಿಷ್ಠ 8 ಗಂಟೆ. ಬೆಳಿಗ್ಗೆ 8ಕ್ಕೆ ಒಂದು, ಸಂಜೆ 4ಕ್ಕೊಂದು ಎಂದು ನಾನು ಬರೆಯುತ್ತೇನೆ. ಎರಡನೆಯದನ್ನು ರಾತ್ರಿ ಊಟದ ಜೊತೆ ನುಂಗಿದರೆ ಬೆಳತನಕ ಸೂರು ನೋಡುತ್ತ ಮಲಗಬೇಕಾಗುತ್ತದೆ. ಒಂದು ಹೊತ್ತು ತಪ್ಪಿದರೆ ಅದು ಹೋದಂತೆಯೇ, ಸೇರಿಸಿ ನುಂಗಬಾರದು. ಶುರುವಿನಲ್ಲಿ ಸಿಗರೇಟು ನಿಲ್ಲಿಸಬೇಕಿಲ್ಲ. ಔಷಧಿ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ವಾರ ಬೇಕು, ಹಾಗಾಗಿ ನಿಲ್ಲಿಸುವ ದಿನವನ್ನು ಎರಡನೇ ವಾರದೊಳಗೆ ಗೊತ್ತುಮಾಡಬೇಕು. ಮೊದಲ ವಾರ ಏನೂ ಅನ್ನಿಸದೆ "ಗುಳಿಗಿ ಹತ್ತಲಿಲ್ಲ" ಎಂದು ಬಿಸಾಡುವವರು ಬಹಳ. ಅದು ಹತ್ತುವುದೇ ಆಮೇಲೆ. ಒಟ್ಟು ಏಳರಿಂದ ಹನ್ನೆರಡು ವಾರ. ಏಳನೇ ವಾರಕ್ಕೂ ಸಿಗರೇಟು ಹಾಗೇ ಇದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಒಂದು ಮಾತನ್ನು ತಮ್ಮನಿಗೆ ಒತ್ತಿ ಹೇಳಿ. ಈ ಗುಳಿಗೆಯನ್ನು ಮುರಿಯಬಾರದು, ಅರೆಯಬಾರದು, ಅಗಿಯಬಾರದು. ನಮ್ಮಲ್ಲಿ "ಪಾವರ್ ಜಾಸ್ತಿ" ಎಂದು ಅರ್ಧ ಮಾಡಿ ನುಂಗುವ ರೂಢಿ ಇದೆ. ಇದು ಹನಿಹನಿಯಾಗಿ ಬಿಡುವಂತೆ ಕಟ್ಟಿದ ಗುಳಿಗೆ. ಮುರಿದರೆ ಹತ್ತಾರು ಗಂಟೆಯಲ್ಲಿ ಬರಬೇಕಾದದ್ದು ಒಂದೇ ಸಲಕ್ಕೆ ರಕ್ತಕ್ಕೆ ಸುರಿದುಬಿಡುತ್ತದೆ, ಫಿಟ್ಸ್ ಬರುವುದು ಹೆಚ್ಚಾಗಿ ಹಾಗೆ ಏರಿದಾಗಲೇ. ವಯಸ್ಸಾದವರಿಗೆ, ಮೂತ್ರಪಿಂಡ ಅಥವಾ ಪಿತ್ತಜನಕಾಂಗದ ತೊಂದರೆ ಇರುವವರಿಗೆ ಪ್ರಮಾಣ ತಗ್ಗಿಸಬೇಕಾದರೆ ದಿನಕ್ಕೆ ಒಂದೇ ಪೂರ್ತಿ ಗುಳಿಗೆ ಬರೆಯುತ್ತೇವೆ, ಅರ್ಧ ಬರೆಯುವುದಿಲ್ಲ. ಬಿಪಿಯನ್ನು ಶುರುವಿಗೊಮ್ಮೆ, ಎರಡು ವಾರಕ್ಕೊಮ್ಮೆ ನೋಡಿಸಲಿ. ಮೈಮೇಲೆ ದದ್ದು ಎದ್ದರೆ, ಮುಖ ಊದಿದರೆ, ಅಥವಾ ಬದುಕು ಬೇಡ ಎನ್ನುವ ಯೋಚನೆ ಬಂದರೆ ಗುಳಿಗೆ ನಿಲ್ಲಿಸಿ ಅವತ್ತೇ ವೈದ್ಯರನ್ನು ಕಾಣಬೇಕು. ಕೊನೆಯದನ್ನು ಅವರ ಹೆಂಡತಿಗೂ ಹೇಳಿಡಿ. ಮನಸ್ಸು ಜಾರಿದವರು ಅದನ್ನು ತಾವೇ ಗುರುತಿಸುವುದು ತಡ.

ಎರಡೂ ಹೊಂದದವರಿದ್ದಾರೆ: ಫಿಟ್ಸ್ ಇದ್ದು ಮೂತ್ರಪಿಂಡವೂ ಕೆಟ್ಟವರು, ಇತ್ತೀಚೆಗೆ ಹೃದಯಾಘಾತವಾಗಿ ದಿನವೂ ಕುಡಿಯುವವರು. ಅವರಿಗೆ ನಿಕೋಟಿನ್ ಪ್ಯಾಚು, ಚೂಯಿಂಗ್ ಗಮ್ಮಿನ ದಾರಿ ಇದೆ, ಅದನ್ನು ವೈದ್ಯರೇ ತೂಗಿ ನೋಡಬೇಕು. ನಿಮ್ಮಿಬ್ಬರಿಗೆ ಆ ಮಾತು ಸದ್ಯ ಬೇಕಿಲ್ಲ.

ಡಬ್ಬಿಯ ಬಗ್ಗೆ ಒಂದು ಕೆಲಸ. ಪೋಲೆಂಡಿನಲ್ಲಿ ಇದನ್ನು ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಡುತ್ತಾರೆ, ಹಾಗಾಗಿ ನಿಮ್ಮ ಮಗನನ್ನು ಅಲ್ಲಿ ಯಾರೂ ನಿಮ್ಮ ಶುಗರ್, ಕುಡಿತ, ಮೂತ್ರಪಿಂಡದ ಬಗ್ಗೆ ಕೇಳಿರುವುದಿಲ್ಲ. ಒಳಗಿನ ಚೀಟಿ ಪೋಲಿಷ್ ಭಾಷೆಯಲ್ಲಿರುತ್ತದೆ. ಮಗನಿಂದ ಅದನ್ನು ಓದಿಸಿ, ಪ್ರತಿ ಕ್ಯಾಪ್ಸೂಲು 1.5 ಮಿ.ಗ್ರಾಂ. ಎಂಬುದನ್ನು, ಅವಧಿ ಮುಗಿಯುವ ತಾರೀಖನ್ನು ಖಚಿತಪಡಿಸಿಕೊಳ್ಳಿ. ಹೊಸ ಅಧ್ಯಯನಗಳಲ್ಲಿ ಇದನ್ನೇ 3 ಮಿ.ಗ್ರಾಂ., ದಿನಕ್ಕೆ ಮೂರು ಸಲ, ಆರು ಅಥವಾ ಹನ್ನೆರಡು ವಾರ ಕೊಟ್ಟು ನೋಡಿದ್ದಾರೆ. ಮೊಬೈಲಿನಲ್ಲಿ ಅದನ್ನು ಓದಿ ನಿಮ್ಮ ಕ್ಯಾಪ್ಸೂಲನ್ನು ಎರಡೆರಡು ನುಂಗಲು ಹೋಗಬೇಡಿ. ಆ ಲೆಕ್ಕ ಬೇರೆ, ನಿಮ್ಮ ಡಬ್ಬಿಯ ಲೆಕ್ಕ ಬೇರೆ. ಪ್ರೆಸ್ಸಿನಲ್ಲಿ ಶಾಯಿ, ಥಿನ್ನರ್ ಇಡುವ ಕಪಾಟಿನಲ್ಲಿ ಅದನ್ನು ಇಡಬೇಡಿ, ಮೊಮ್ಮಕ್ಕಳ ಕೈಗೆ ಸಿಗುವ ಕಡೆಯಂತೂ ಬೇಡವೇ ಬೇಡ.

ಭಾನುವಾರದ ನಂತರ ಕಾಡುವ ಹೊತ್ತು ನಿಮಗೆ ರಾತ್ರಿ ಊಟದ ಮೇಲಿನದು, ಸಂಜೆಯ ಕ್ಯಾಪ್ಸೂಲಿನ ಬಲ ಇಳಿದಿರುವಾಗ. ಅದರ ಬಗ್ಗೆ ಹಗಲಿನಲ್ಲಿ ಮಾತಾಡಲು ಯಾರಾದರೂ ಬೇಕೆನಿಸಿದರೆ ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ನಿಮ್ಮದೇ. ಆ ಅಂಕಿಯನ್ನು ಪ್ಯಾಕು ಬಿಸಾಡುವ ಮುನ್ನ ಪ್ರೆಸ್ಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂಬತ್ತನೇ ದಿನವೋ ಹದಿನಾಲ್ಕನೇ ದಿನವೋ ಒಂದು ಸಿಗರೇಟು ಸೇದಿದಿರಿ ಎಂದರೆ ಅವತ್ತಿನ ಉಳಿದ ಕ್ಯಾಪ್ಸೂಲುಗಳನ್ನು ಹೊತ್ತಿಗೆ ಸರಿಯಾಗಿ ನುಂಗಿ, ಯಾವ ಹೊತ್ತು, ಯಾರ ಜೊತೆ, ಎಲ್ಲಿ ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ. ಕ್ರಿಯಾಟಿನಿನ್ ಮತ್ತು ಇಸಿಜಿ ಬಂದ ಮೇಲೆ ಅದರ ಪ್ರತಿ ನನಗೆ ಕಳಿಸಿ, ಡಬ್ಬಿಯನ್ನು ಅಲ್ಲಿಯವರೆಗೆ ಒಡೆಯಬೇಡಿ.